ಚೌಕದೊಳಗಿನ ಹತ್ತನೇ ಚುಕ್ಕಿ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಲಗೆಯ ಮೇಲೆ ಐದು ಚುಕ್ಕಿ ಇಡಿ. ಎಲ್ಲಿ ಬೇಕಾದರೂ ಇಡಬಹುದು, ಆದರೆ ಒಂದರಿಂದ ಒಂದು ಆದಷ್ಟೂ ದೂರ ಇರಲಿ. ಹೇಗೇ ಹೆಣಗಾಡಿದರೂ ಯಾವುದೋ ಎರಡು ಚುಕ್ಕಿಗಳ ನಡುವಿನ ಅಂತರ 70.7 ಸೆಂ.ಮೀ.ಗಿಂತ ಹೆಚ್ಚಾಗುವುದಿಲ್ಲ.

ಕಾರಣ ಸರಳ. ಹಲಗೆಯನ್ನು ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆದು ನಾಲ್ಕು ಮನೆ ಮಾಡಿ. ಚುಕ್ಕಿ ಐದು, ಮನೆ ನಾಲ್ಕು. ಹಾಗಾಗಿ ಒಂದು ಮನೆಯಲ್ಲಾದರೂ ಎರಡು ಚುಕ್ಕಿ ಕೂರಲೇಬೇಕು. ಅರ್ಧ ಮೀಟರಿನ ಆ ಮನೆಯೊಳಗೆ ಅತಿ ದೂರದ ಎರಡು ಜಾಗಗಳೆಂದರೆ ಎದುರುಬದುರಿನ ಮೂಲೆಗಳು. ಅವುಗಳ ನಡುವಿನ ಕರ್ಣವೇ 70.7 ಸೆಂ.ಮೀ. ಗೆರೆಯ ಮೇಲೇ ಬಿದ್ದ ಚುಕ್ಕಿಯನ್ನು ಪಕ್ಕದ ಯಾವ ಮನೆಗೆ ಸೇರಿಸಿಕೊಂಡರೂ ಲೆಕ್ಕ ಕೆಡದು. ನಾಲ್ಕು ಮೂಲೆಗೆ ನಾಲ್ಕು, ನಟ್ಟನಡುವೆ ಒಂದು ಇಟ್ಟರೆ ಅಂತರ ಸರಿಯಾಗಿ 70.7 ಬರುತ್ತದೆ. ಅಂದರೆ ಈ ಮಿತಿಯನ್ನು ಇನ್ನು ಕೂದಲೆಳೆಯಷ್ಟೂ ಇಳಿಸಲಾಗದು.

ಪಾರಿವಾಳದ ಗೂಡಿನ ತತ್ವ ಎಂದು ಕರೆಯುವ ಈ ವಾದವನ್ನು ಜರ್ಮನಿಯ ಡಿರಿಕ್ಲೆ ಹೆಸರಿಗೆ ಬರೆಯುವುದು ವಾಡಿಕೆ. ಆದರೆ ಅವನಿಗಿಂತ ಎರಡು ಶತಮಾನ ಮೊದಲೇ, 1622ರಲ್ಲಿ, ಫ್ರಾನ್ಸಿನ ಜೆಸ್ಯೂಟ್ ಪಾದ್ರಿ ಲ್ಯೂರೆಶೊನ್ ತಲೆಕೂದಲಿನ ಸಂಖ್ಯೆ ಒಂದೇ ಆಗಿರುವ ಇಬ್ಬರು ಮನುಷ್ಯರು ಇರಲೇಬೇಕು ಎಂದು ಬರೆದಿದ್ದ. ಅವನ ಕೈಯಲ್ಲಿ ಅದೊಂದು ಚಮತ್ಕಾರದ ಮಾತು ಅಷ್ಟೆ. ಅದಕ್ಕೆ ಗಣಿತದ ಕೆಲಸ ಹಚ್ಚಿದ್ದು ಡಿರಿಕ್ಲೆ, 1842ರಲ್ಲಿ.

ಅವನಿಗೆ ಬೇಕಾಗಿದ್ದದ್ದು ಚುಕ್ಕಿಗಳ ಸಾಮೀಪ್ಯವೇ. 2ರ ವರ್ಗಮೂಲಕ್ಕೆ ಹತ್ತಿರದ ಭಿನ್ನರಾಶಿ ಹುಡುಕಬೇಕು ಅನ್ನಿ. ಅದನ್ನು 0, 1, 2ರಿಂದ 5ರವರೆಗೆ ಗುಣಿಸಿ, ದಶಮಾಂಶದ ಭಾಗವನ್ನಷ್ಟೇ ಉಳಿಸಿಕೊಳ್ಳಿ: 0, 0.414, 0.828, 0.243, 0.657, 0.071. ಸೊನ್ನೆಯಿಂದ ಒಂದರವರೆಗಿನ ಗೆರೆಯನ್ನು ಐದು ಸಮಭಾಗ ಮಾಡಿದರೆ ಆರು ಚುಕ್ಕಿಗಳಲ್ಲಿ ಎರಡು ಒಂದೇ ಭಾಗಕ್ಕೆ ಬರಲೇಬೇಕು. ಇಲ್ಲಿ ಬಂದದ್ದು ಮೊದಲನೆಯದು ಮತ್ತು ಕೊನೆಯದು. ಎಂದರೆ ವರ್ಗಮೂಲದ ಐದು ಪಟ್ಟು 7ಕ್ಕೆ ತೀರಾ ಹತ್ತಿರ. 7/5 ಒಳ್ಳೆಯ ಅಂದಾಜು. ಎರಡು ಸಂಖ್ಯೆಗಳಿಗೆ ಒಟ್ಟಿಗೇ ಇಂಥ ಅಂದಾಜು ಬೇಕಾದರೆ ಗೆರೆ ಸಾಲದು, ಚುಕ್ಕಿಗಳು ಚೌಕದೊಳಗೆ ಹೋಗಿ ಕೂರುತ್ತವೆ.

ಗೆರೆಯ ಮೇಲೆ ಮನೆ ಕಟ್ಟುವುದರಲ್ಲಿ ಜಾಣತನವೇನೂ ಬೇಕಿಲ್ಲ. ಚೌಕದಲ್ಲಿ ಬೇಕು. ನಮ್ಮ ಹಲಗೆಯನ್ನು ನಾಲ್ಕು ಉದ್ದನೆಯ ಪಟ್ಟಿಗಳಾಗಿ ಸೀಳಿದ್ದರೂ ಎರಡು ಚುಕ್ಕಿ ಒಂದೇ ಪಟ್ಟಿಗೆ ಬೀಳುತ್ತಿದ್ದವು, ನಿಜ. ಆದರೆ ಪಟ್ಟಿಯ ಕರ್ಣ 103 ಸೆಂ.ಮೀ.; ಅದರಿಂದ ಏನೂ ಸಿದ್ಧವಾಗದು. ಎಣಿಕೆ ಯಾರು ಬೇಕಾದರೂ ಮಾಡಿಯಾರು, ಮನೆಯ ಆಕಾರ ಆರಿಸುವುದರಲ್ಲೇ ಸಾಧನೆಯ ಜೀವವಿದೆ ಎಂದು ನನಗನ್ನಿಸುತ್ತದೆ.

ಹತ್ತು ಚುಕ್ಕಿಗಳಿಗೆ ಬಂದಾಗ ಇದು ಗಂಭೀರ ಸಮಸ್ಯೆಯಾಯಿತು. ಮೂರರಂತೆ ಮೂರು ಸಾಲು, ಒಂಬತ್ತು ಮನೆ ಮಾಡಿದರೆ ಎರಡು ಚುಕ್ಕಿ 47.1 ಸೆಂ.ಮೀ. ಒಳಗೆ ಇವೆ ಎಂಬುದು ತಕ್ಷಣ ಸಿಗುತ್ತದೆ. ಆದರೆ ಹತ್ತು ಚುಕ್ಕಿಗಳನ್ನು ಅಷ್ಟು ದೂರ ದೂರ ಇಡಲು ಯಾರಿಂದಲೂ ಆಗಲಿಲ್ಲ. 1970ರಲ್ಲಿ ಗೋಲ್ಡ್‌ಬರ್ಗ್ ಇಟ್ಟ ವಿನ್ಯಾಸದಲ್ಲಿ ಅಂತರ 41.67. ಮರುವರ್ಷ ಶೇರ್ ಅದನ್ನು 41.95ಕ್ಕೆ ಏರಿಸಿದ. ಇಪ್ಪತ್ತು ವರ್ಷ ಮಿಲಿಮೀಟರಿನ ಲೆಕ್ಕದಲ್ಲಿ ಏರುತ್ತ ಹೋದ ಅಂತರ ಕೊನೆಗೆ 42.13ಕ್ಕೆ ನಿಂತಿತು. ಅದಕ್ಕಿಂತ ಮುಂದೆ ಹೋಗಲಾಗದೆಂದು 1990ರಲ್ಲಿ ಜೂರಿಕ್‌ನ ಡಿ ಗ್ರೂಟ್, ಪೈಕರ್ಟ್ ಮತ್ತು ವುರ್ಟ್ಸ್ ಕಂಪ್ಯೂಟರ್ ನೆರವಿನಿಂದ ಸಾಧಿಸಿದರು.

ಅವರ ಸಾಧನೆಯ ಬುಡದಲ್ಲೂ ಮನೆಗಳೇ ಇವೆ, ವಾದ ಮಾತ್ರ ತಿರುವುಮುರುವು. ಹಲಗೆಯನ್ನು ಸಣ್ಣ ಸಣ್ಣ ತುಂಡು ಮಾಡುತ್ತಾರೆ. ಪ್ರತಿ ತುಂಡೂ ಎಷ್ಟು ಚಿಕ್ಕದೆಂದರೆ, ಅದರ ಕರ್ಣ ಆಗಲೇ ಸಿಕ್ಕಿರುವ ಅಂತರಕ್ಕಿಂತ ಕಡಿಮೆ. ಹಾಗಾಗಿ ಇನ್ನೂ ಉತ್ತಮ ವಿನ್ಯಾಸವೊಂದು ಇದ್ದರೆ ಅದರಲ್ಲಿ ಒಂದು ತುಂಡಿಗೆ ಒಂದೇ ಚುಕ್ಕಿ. ಯಾವ ಹತ್ತು ತುಂಡುಗಳಲ್ಲಿ ಅವು ಕೂರಬಹುದು ಎಂದು ಪಟ್ಟಿ ಮಾಡಿ, ಆಗದ ಜೋಡಣೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗುವುದು ಯಂತ್ರದ ಪಾಲಿನ ಕೆಲಸ.

ಇಷ್ಟಾದರೂ ಚುಕ್ಕಿಗಳ ಸಂಖ್ಯೆ ಪೂರ್ಣವರ್ಗವಾದಾಗ ಸಮಸ್ಯೆ ಸುಲಭವೆಂದೇ ಕಾಣುತ್ತದೆ; ಸಾಲಾಗಿ ಜೋಡಿಸಿದರಾಯಿತಲ್ಲ? 4, 9, 16, 25, 36 ಚುಕ್ಕಿಗಳಿಗೆ ಸಾಲುಜೋಡಣೆಯೇ ಅತ್ಯುತ್ತಮ ಎಂದು ಸಾಧಿಸಲಾಗಿದೆ. 49ಕ್ಕೂ ಹೀಗೇ ಎಂದು ಯಾರಾದರೂ ಅಂದುಕೊಂಡಾರು. ಆದರೆ 1997ರಲ್ಲಿ ಫಿನ್ಲೆಂಡಿನ ನುರ್ಮೆಲಾ ಮತ್ತು ಓಸ್ಟರ್‌ಗಾರ್ಡ್, ಏಳೇಳರ ಆ ಅಚ್ಚುಕಟ್ಟು ಸಾಲುಗಳಿಗಿಂತ ತುಸು ಹೆಚ್ಚು ಅಂತರವಿರುವ, ಸೊಟ್ಟಪಟ್ಟ ವಿನ್ಯಾಸವೊಂದನ್ನು ತೋರಿಸಿದರು.