ಮೊದಲು ಊಹೆ, ಆಮೇಲೆ ನೀರು

ಒಂದನೇ ತರಗತಿಯ ‘ತೇಲು–ಮುಳುಗು’ ಹಾಳೆ ಎಂದರೆ ಅಡ್ಡಲಾಗಿ ಇಟ್ಟ ಒಂದು ಎ4 ಕಾಗದ, ಅದರಲ್ಲಿ ನಾಲ್ಕು ಕಾಲಂ. ಮೊದಲನೆಯದರಲ್ಲಿ ವಸ್ತುವಿನ ಚಿತ್ರ, ಎರಡನೆಯದರಲ್ಲಿ ಮಗುವಿನ ಊಹೆ, ಮೂರನೆಯದರಲ್ಲಿ ಕಣ್ಣಿಗೆ ಕಂಡದ್ದು. ನಾಲ್ಕನೆಯದು ಚಿತ್ರ ಬಿಡಿಸಲು ಬಿಟ್ಟ ಖಾಲಿ ಚೌಕ. ಆರು ವರ್ಷದ ಮಗು ಇನ್ನೂ ಅಕ್ಷರ ಕೂಡಿಸಿ ಓದುತ್ತಿರುತ್ತದೆ. ಹಾಗಾಗಿ ‘ತೇಲುತ್ತದೆ’, ‘ಮುಳುಗುತ್ತದೆ’ ಎಂದು ಬರೆಸುವ ಬದಲು ಮೇಲ್ಮುಖ ಬಾಣ, ಕೆಳಮುಖ ಬಾಣ ಅಚ್ಚು ಹಾಕಿ, ಬೇಕಾದದ್ದಕ್ಕೆ ಸುತ್ತು ಹಾಕಿಸಿದರೆ ಸಾಕು. ಒಂದು ಹಾಳೆಗೆ ಆರು ವಸ್ತು ಬೇಕಾದಷ್ಟಾಯಿತು. ಹತ್ತು ಇಟ್ಟರೆ ಏಳನೆಯದರ ಹೊತ್ತಿಗೆ ಮಕ್ಕಳು ನೀರಾಟಕ್ಕೆ ಇಳಿದಿರುತ್ತಾರೆ.

ಹಾಳೆಯ ಜೀವ ಇರುವುದು ಎರಡನೇ ಕಾಲಂನಲ್ಲಿ. ಮೊದಲು ಊಹೆ, ಆಮೇಲೆ ನೋಟ, ಕೊನೆಗೆ ವಿವರಣೆ ಎಂಬ ಈ ಕ್ರಮವನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಮುಂದಿಟ್ಟರು. ಮಗುವಿನ ತಲೆಯಲ್ಲಿ ಆಗಲೇ ಏನಿದೆ ಎಂದು ತಿಳಿಯುವುದು ಅದರ ಉದ್ದೇಶ. ವಸ್ತು ನೀರಿಗೆ ಬಿದ್ದ ಮೇಲೆ ತುಂಬಿದ ಊಹೆಗೆ ಬೆಲೆಯಿಲ್ಲ. ತರಗತಿಯಲ್ಲಿ ನಡೆಯುವುದು ಮಾತ್ರ ಹೆಚ್ಚಾಗಿ ಅದೇ. ಮಗು ಮೇಲಿನ ಬಾಣಕ್ಕೆ ಸುತ್ತು ಹಾಕುತ್ತದೆ, ವಸ್ತು ಮುಳುಗುತ್ತದೆ, ಮರುಕ್ಷಣ ರಬ್ಬರ್ ಕೈಗೆ ಬರುತ್ತದೆ. ಆರಕ್ಕೆ ಆರೂ ಸರಿಯಾಗಿರುವ ಹಾಳೆ, ಉಜ್ಜಿ ಮಾಸಿದ ಎರಡನೇ ಕಾಲಂ, ಎರಡೂ ಕಾಲಂಗಳಲ್ಲಿ ಒಂದೇ ಒತ್ತಡದ ಹೊಸ ಗೆರೆ: ಇವು ಕಂಡರೆ ಊಹೆ ಆಮೇಲೆ ಬಂದಿದೆ ಎಂದೇ ತಿಳಿಯಬೇಕು. ಇದಕ್ಕೆ ಉಪಾಯ ಸುಲಭ. ಊಹೆಯನ್ನು ಉಜ್ಜಲಾಗದ ಬಣ್ಣದ ಕ್ರೇಯಾನಿನಲ್ಲಿ ಹಾಕಿಸಿ, ಆರೂ ಊಹೆ ಮುಗಿದ ಮೇಲೆ ಕ್ರೇಯಾನುಗಳನ್ನು ವಾಪಸು ತೆಗೆದುಕೊಂಡು, ಪೆನ್ಸಿಲ್ ಕೊಟ್ಟು, ಆಮೇಲೆ ನೀರಿನ ಟಬ್ಬು ತರುವುದು.

ವಸ್ತುಗಳ ಆಯ್ಕೆಯಲ್ಲೇ ಅರ್ಧ ಕೆಲಸ ಅಡಗಿದೆ. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂಬುದು ಈ ವಯಸ್ಸಿನವರ ಗಟ್ಟಿ ನಂಬಿಕೆ. ಕಲ್ಲು, ಕಬ್ಬಿಣದ ಮೊಳೆ, ಎಲೆ, ಕಡ್ಡಿ ಇಷ್ಟನ್ನೇ ಕೊಟ್ಟರೆ ಆ ನಂಬಿಕೆ ಇನ್ನಷ್ಟು ಬಲಿಯುತ್ತದೆ, ಕಲಿತದ್ದೇನೂ ಇರುವುದಿಲ್ಲ. ಅದರ ಬದಲು ಒಂದು ಒಣ ತೆಂಗಿನಕಾಯಿ ಮತ್ತು ಒಂದು ರೂಪಾಯಿಯ ನಾಣ್ಯ ಇಡಬೇಕು. ಎರಡನ್ನೂ ಮಗು ಕೈಯಲ್ಲಿ ಎತ್ತಿ ನೋಡಲಿ. ಕೈಗೆ ಭಾರವೆನಿಸಿದ ತೆಂಗಿನಕಾಯಿ ತೇಲುತ್ತದೆ, ಬೆರಳ ತುದಿಯ ನಾಣ್ಯ ತಳ ಸೇರುತ್ತದೆ. ಮೂರನೆಯದು, ನಾಲ್ಕನೆಯದು ಸ್ಟೀಲ್ ಚಮಚ ಮತ್ತು ಸ್ಟೀಲ್ ಬಟ್ಟಲು: ಲೋಹ ಒಂದೇ, ಆಕಾರ ಬೇರೆ. ಉಳಿದೆರಡಕ್ಕೆ ಒಂದು ಆಲೂಗಡ್ಡೆ ಮತ್ತು ಸಿಪ್ಪೆಯಿರುವ ಒಂದು ಕಿತ್ತಳೆ.

ಹೊರದೇಶದ ಹಾಳೆಗಳನ್ನು ನೋಡಿ ನಕಲು ಮಾಡುವಾಗ ಒಂದು ಎಡವಟ್ಟಾಗುತ್ತದೆ. ‘ನಿಂಬೆ ತೇಲುತ್ತದೆ’ ಎಂದು ಅಲ್ಲಿ ಬರೆದಿರುತ್ತದೆ. ಅದು ದಪ್ಪ ಸಿಪ್ಪೆಯ, ಹಳದಿ ಬಣ್ಣದ ದೊಡ್ಡ ನಿಂಬೆ. ನಮ್ಮ ಸಂತೆಯ ತೆಳು ಸಿಪ್ಪೆಯ ಸಣ್ಣ ನಿಂಬೆಹಣ್ಣಿನ ತೂಕ ಅಷ್ಟೇ ಗಾತ್ರದ ನೀರಿನ ತೂಕಕ್ಕೆ ತೀರಾ ಹತ್ತಿರವಿರುವುದರಿಂದ, ಒಂದು ತೇಲಿದರೆ ಇನ್ನೊಂದು ಮುಳುಗಬಹುದು. ಟೊಮೆಟೊ ಕಥೆಯೂ ಅದೇ. ಹಾಗಾಗಿ ಹಿಂದಿನ ಸಂಜೆಯೇ ಪ್ರತಿ ವಸ್ತುವನ್ನೂ ಒಮ್ಮೆ ಬಕೆಟ್ಟಿಗೆ ಹಾಕಿ ನೋಡಿಕೊಳ್ಳಬೇಕು.

ಪ್ರಯೋಗಕ್ಕೆ ನಾಲ್ಕೈದು ಮಕ್ಕಳಿಗೊಂದು ಅಗಲ ಬಾಯಿಯ ಟಬ್ಬು, ಅದರಲ್ಲಿ ಒಂದು ಗೇಣು ನೀರು. ಟಬ್ಬು ಪಾರದರ್ಶಕವಾಗಿದ್ದರೆ ಒಳ್ಳೆಯದು. ಮೇಲಿನಿಂದ ಮಾತ್ರ ನೋಡಿದರೆ ವಸ್ತುವಿನ ಎಷ್ಟು ಭಾಗ ನೀರಿನೊಳಗಿದೆ ಎಂದು ಗೊತ್ತಾಗುವುದಿಲ್ಲ. ವಸ್ತುವನ್ನು ಎಸೆಯದೆ, ನೀರಿನ ಮೇಲೆ ಮೆತ್ತಗೆ ಬಿಡಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗಬಹುದು. ಗುಂಡುಸೂಜಿಯನ್ನು ಅಡ್ಡಲಾಗಿ ಹುಷಾರಾಗಿ ಇಟ್ಟರೆ ಅದು ನೀರಿನ ಮೇಲ್ಮೈಯ ಬಿಗಿತದ ಮೇಲೆ ಮಲಗಿಬಿಡುತ್ತದೆ. ಅದು ತೇಲುವುದಲ್ಲ. ಆದ್ದರಿಂದ ಪ್ರತಿ ವಸ್ತುವನ್ನೂ ಒಂದು ಬೆರಳಿನಿಂದ ಪೂರ್ತಿ ಒಳಕ್ಕೆ ಒತ್ತಿ ಬಿಡಿಸಬೇಕು. ಮೇಲೆ ಬಂದರೆ ತೇಲುತ್ತದೆ, ಬರದಿದ್ದರೆ ಮುಳುಗುತ್ತದೆ.

ಬಟ್ಟಲಿನ ಸಾಲಿಗೆ ಬಂದಾಗ ಈ ನಿಯಮವೇ ತಕರಾರು ತೆಗೆಯುತ್ತದೆ. ಖಾಲಿ ಬಟ್ಟಲು ದೋಣಿಯಂತೆ ನಿಂತಿರುತ್ತದೆ. ಬೆರಳಿನಿಂದ ಒತ್ತಿದೊಡನೆ ಅಂಚಿನ ಮೇಲಿಂದ ನೀರು ನುಗ್ಗಿ ತಳ ಸೇರುತ್ತದೆ. ಒಂದು ಗುಂಪು ‘ತೇಲಿತು’ ಎಂದರೆ ಪಕ್ಕದ ಗುಂಪು ‘ಇಲ್ಲ, ಮುಳುಗಿತು’ ಎನ್ನುತ್ತದೆ. ಎರಡೂ ನಿಜ. ಹಾಳೆ ತಯಾರಿಸುವಾಗಲೇ ಬಟ್ಟಲಿಗೆ ‘ಖಾಲಿ’ ಮತ್ತು ‘ನೀರು ತುಂಬಿದ್ದು’ ಎಂದು ಎರಡು ಚಿತ್ರ ಕೊಟ್ಟರೆ ಈ ಜಗಳವೇ ಪಾಠವಾಗುತ್ತದೆ. ಖಾಲಿ ಬಟ್ಟಲಿನೊಳಗೆ ಗಾಳಿ ಇರುತ್ತದೆ. ಅಂಚಿನವರೆಗೆ ಅದು ದೊಡ್ಡ ಜಾಗ ಹಿಡಿಯುವುದರಿಂದ, ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ನಿಲ್ಲಬಲ್ಲದು. ಚಮಚ ಸರಿಸುವ ನೀರು ತೀರಾ ಕಡಿಮೆ.

ಕಿತ್ತಳೆಯೂ ಇದನ್ನೇ ಬೇರೆ ರೀತಿಯಲ್ಲಿ ತೋರಿಸುತ್ತದೆ. ಸಿಪ್ಪೆಯ ಒಳಗಿನ ಬಿಳಿ ಪದರದಲ್ಲೂ ಸಿಪ್ಪೆ ಮತ್ತು ತೊಳೆಗಳ ನಡುವಿನ ಸಂದಿಯಲ್ಲೂ ಗಾಳಿ ಇರುವುದರಿಂದ ಹಣ್ಣು ತೇಲುತ್ತದೆ. ಸುಲಿದು ಹಾಕಿದರೆ ತೂಕ ಕಡಿಮೆಯಾಗಿದ್ದರೂ ಸಾಮಾನ್ಯವಾಗಿ ಮುಳುಗುತ್ತದೆ. ತೊಳೆಗಳ ನಡುವೆ ಗಾಳಿ ಉಳಿದಿದ್ದರೆ ತೇಲುವುದೂ ಉಂಟು, ಆಗ ತೊಳೆ ಬಿಡಿಸಿ ಒಂದೊಂದಾಗಿ ಹಾಕಿ ನೋಡಬಹುದು. ಸಾಂದ್ರತೆ ಎಂಬ ಮಾತು ಒಂದನೇ ತರಗತಿಗೆ ಬೇಡ. ಎನ್‌ಸಿಇಆರ್‌ಟಿಯ ಹಿಂದಿನ ‘ಲುಕಿಂಗ್ ಅರೌಂಡ್’ ಪುಸ್ತಕ ಇಂಥ ಪ್ರಯೋಗಗಳನ್ನು ಐದನೇ ತರಗತಿಯಲ್ಲಿ ಎತ್ತಿಕೊಂಡಾಗಲೂ ಮಾತು ಶುರುವಾಗುತ್ತಿದ್ದುದು ಎಣ್ಣೆಯಲ್ಲಿ ಉಬ್ಬಿ ಮೇಲೇಳುವ ಪೂರಿಯಿಂದ.

ನಾಲ್ಕನೇ ಕಾಲಂನ ಚಿತ್ರವನ್ನು ಅಲಂಕಾರವೆಂದು ತಿಳಿದು, ಮನೆಗೆ ಹೋಗಿ ಬಣ್ಣ ಹಾಕಿ ತನ್ನಿ ಎಂದು ಕಳಿಸುವುದುಂಟು. ನಿಜವಾದ ನೋಟ ದಾಖಲಾಗುವುದು ಅಲ್ಲೇ. ಮೂರನೇ ಕಾಲಂನ ಬಾಣ ಹೇಳುವುದು ಮೇಲೋ ಕೆಳಗೋ ಎಂಬಷ್ಟನ್ನೇ. ತೇಲುವ ಬೆಂಡಿನ ಬಹುಭಾಗ ನೀರಿನ ಮೇಲಿರುತ್ತದೆ. ತೇಲುವ ಸೇಬಿನ ಬಹುಭಾಗ ನೀರಿನೊಳಗೇ ಇರುತ್ತದೆ. ಬಾಣದ ಕಾಲಂನಲ್ಲಿ ಇವೆರಡೂ ಒಂದೇ. ಆದ್ದರಿಂದ ಚಿತ್ರದ ಚೌಕದ ನಡುವೆ ಒಂದು ನೀಲಿ ಅಡ್ಡಗೆರೆ ಮೊದಲೇ ಅಚ್ಚಾಗಿರಬೇಕು, ಅದು ನೀರಿನ ಮಟ್ಟ. ವಸ್ತು ಟಬ್ಬಿನಲ್ಲಿರುವಾಗಲೇ, ಕಣ್ಣನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ನೋಡಿ ಬಿಡಿಸಬೇಕು. ನೆನಪಿನಿಂದ ಬಿಡಿಸಿದ ಚಿತ್ರದಲ್ಲಿ ತೆಂಗಿನಕಾಯಿ ಮೇಜಿನ ಮೇಲೆ ಇಟ್ಟಂತೆ ಗೆರೆಯ ಮೇಲೆ ಕೂತಿರುತ್ತದೆ, ನಾಣ್ಯ ತಳ ಮುಟ್ಟದೆ ನಡುನೀರಿನಲ್ಲಿ ನೇತಾಡುತ್ತಿರುತ್ತದೆ. ಅಂಥ ಚಿತ್ರ ಕಂಡರೆ ತಿದ್ದುವ ಬದಲು ಮಗುವನ್ನು ಮತ್ತೆ ಟಬ್ಬಿನ ಬಳಿ ಕರೆದು, ‘ನಾಣ್ಯ ಎಲ್ಲಿ ನಿಂತಿದೆ ನೋಡು ಪುಟ್ಟಾ’ ಎಂದರೆ ಸಾಕು.

ಮುಗಿದ ಕೂಡಲೇ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಕು. ಗೇಣು ನೀರಿನ ಟಬ್ಬೂ ಪುಟ್ಟ ಮಕ್ಕಳಿಗೆ ಅಪಾಯವೇ. ಹಾಳೆಗೆ ತಾರೀಕು ಹಾಕಿ ಕಡತದಲ್ಲಿಡಬಹುದು. ಶಿಕ್ಷಕರಲ್ಲಿ ಒಂದೇ ಕೋರಿಕೆ: ಊಹೆಯ ಕಾಲಂನಲ್ಲಿ ಸರಿ–ತಪ್ಪಿನ ಕೆಂಪು ಗುರುತು ಹಾಕಬೇಡಿ.