ಮ್ಯಾನೇಜರ್ ಆಗದೆ ಏರುವ ಮೆಟ್ಟಿಲು

ಹಲವು ಸಾಫ್ಟ್‌ವೇರ್ ಕಂಪನಿಗಳ ಕರಿಯರ್ ಲ್ಯಾಡರ್ ದಾಖಲೆಯಲ್ಲಿ ಸೀನಿಯರ್ ಎಂಜಿನಿಯರ್ ಹುದ್ದೆಯ ನಂತರ ದಾರಿ ಕವಲೊಡೆಯುತ್ತದೆ: ಒಂದು ಮ್ಯಾನೇಜರ್ ಕಡೆಗೆ, ಇನ್ನೊಂದು ಸ್ಟಾಫ್, ಪ್ರಿನ್ಸಿಪಲ್ ಎಂಜಿನಿಯರ್ ಕಡೆಗೆ. ಎರಡನೆಯ ದಾರಿಯ ತುದಿಗೆ ಐಬಿಎಂ 1962ರಲ್ಲೇ ‘ಫೆಲೋ’ ಎಂಬ ಪದವಿಯನ್ನು ಇಟ್ಟಿತು. ಇಲ್ಲಿ ಅಳೆಯುವುದು ಕೆಲಸದ ಹರವನ್ನು.

ಗ್ರಾಹಕರ ಖಾತೆಯಿಂದ ಒಂದೇ ಬಿಲ್ಲಿನ ಹಣ ಎರಡು ಸಲ ಕಡಿತವಾಗುತ್ತಿದೆ ಎನ್ನೋಣ. ತನ್ನ ತಂಡದ ಕೋಡಿನಲ್ಲಿ ಅದನ್ನು ಸರಿಪಡಿಸುವವರು ಸೀನಿಯರ್. ಅದೇ ದೋಷ ಉಳಿದ ತಂಡಗಳಲ್ಲೂ ಇರುವುದನ್ನು ಕಂಡು, ಪ್ರತಿ ಪಾವತಿಗೂ ಪ್ರತ್ಯೇಕ ಗುರುತು ಸಂಖ್ಯೆ ಕೊಡುವ ವಿನ್ಯಾಸ ಬರೆದು, ಯಾರ ಮೇಲೂ ಅಧಿಕಾರವಿಲ್ಲದೆ ಎಲ್ಲರನ್ನೂ ಒಪ್ಪಿಸುವವರು ಸ್ಟಾಫ್. ದಾಖಲೆಯಲ್ಲಿ ಇಂಥ ಉದಾಹರಣೆಗಳೇ ಇರಬೇಕು. ‘ಪ್ರಭಾವ ಬೀರುತ್ತಾರೆ’ ಎಂದಷ್ಟೇ ಬರೆದರೆ ಬಡ್ತಿ ಮೇಲಿನವರ ಮರ್ಜಿಗೆ ಬಿದ್ದುಹೋಗುತ್ತದೆ. ಎರಡೂ ದಾರಿಯ ಸಮಾನ ಮೆಟ್ಟಿಲಿಗೆ ಒಂದೇ ವೇತನ ಶ್ರೇಣಿ ಇಲ್ಲದಿದ್ದರೆ, ನುರಿತವರು ಮನಸ್ಸಿಲ್ಲದೆಯೂ ಮ್ಯಾನೇಜರ್ ಆಗುತ್ತಾರೆ.