ಬರಬೇಕಿದ್ದ ದುಡ್ಡು ಹೋಗಿದ್ದು ಹೇಗೆ?

ದಾವಣಗೆರೆಯಲ್ಲಿರುವ ನಮ್ಮ ಸೋದರಮಾವ ನಿವೃತ್ತ ಮೇಷ್ಟ್ರು. ಮನೆ ಬದಲಾಯಿಸುವಾಗ ಹಳೆಯ ಊಟದ ಮೇಜು ಬೇಡವಾಯಿತು. ಹಳೆ ಸಾಮಾನು ಮಾರುವ ಆ್ಯಪ್‌ ಒಂದರಲ್ಲಿ ಫೋಟೋ ಹಾಕಿ 8,500 ರೂಪಾಯಿ ಎಂದು ಬರೆದರು. ಅರ್ಧ ಗಂಟೆಯೊಳಗೆ ಫೋನ್ ಬಂತು. ಆ ಕಡೆಯವನು ಚೌಕಾಸಿಯನ್ನೇ ಮಾಡಲಿಲ್ಲ. "ಸರ್, ನಾನು ಮಿಲಿಟರಿಯಲ್ಲಿದ್ದೀನಿ, ಈಗಷ್ಟೇ ಈ ಕಡೆಗೆ ಟ್ರಾನ್ಸ್‌ಫರ್ ಆಗಿದೆ. ನಾಳೆ ನಮ್ಮ ಗಾಡಿ ಬಂದು ಮೇಜು ಒಯ್ಯುತ್ತೆ, ದುಡ್ಡು ಈಗಲೇ ಹಾಕ್ತೀನಿ" ಅಂದ. ಮೊದಲು ಒಂದು ರೂಪಾಯಿ ಕಳಿಸಿದ. ಅದು ನಿಜವಾಗಿಯೂ ಬಂತು. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ಬಂತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 8,500 ರೂಪಾಯಿ ಸ್ವೀಕರಿಸಿ ಎಂಬ ಇಂಗ್ಲಿಷ್ ಬರಹ. "ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ನಿಮ್ಮ ಖಾತೆಗೆ ಜಮಾ ಆಗುತ್ತೆ."

ಮಾವ ಹಾಗೇ ಮಾಡಿದರು. 8,500 ಕಡಿತವಾಯಿತು. "ಅಯ್ಯೋ, ಉಲ್ಟಾ ಆಯ್ತಲ್ಲ ಸರ್, ಕ್ಷಮಿಸಿ. ಎರಡೂ ಸೇರಿಸಿ 17,000ಕ್ಕೆ ಇನ್ನೊಂದು ಕೋಡ್ ಕಳಿಸ್ತೀನಿ, ಪೂರ್ತಿ ವಾಪಸ್ ಬರುತ್ತೆ." ಅದನ್ನೂ ಸ್ಕ್ಯಾನ್ ಮಾಡಿದರು. ಹತ್ತು ನಿಮಿಷದಲ್ಲಿ 25,500 ರೂಪಾಯಿ ಹೋಯಿತು, ಮೇಜು ಮನೆಯಲ್ಲೇ ಉಳಿಯಿತು.

ಜೀವನವಿಡೀ ಲೆಕ್ಕ ಕಲಿಸಿದವರು ಹೀಗೆ ಮೋಸ ಹೋದರಲ್ಲ ಎಂದು ಮನೆಯವರೆಲ್ಲ ಮಾತಾಡಿಕೊಂಡರು. ನನಗೆ ಆ ಮಾತು ಸರಿಕಾಣಲಿಲ್ಲ. 2021ರಲ್ಲಿ ಆಗಿನ ದೆಹಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರ ಮಗಳು ಸೋಫಾ ಮಾರಲು ಹೋಗಿ ಹೆಚ್ಚುಕಡಿಮೆ ಇದೇ ರೀತಿಯಲ್ಲಿ 34,000 ರೂಪಾಯಿ ಕಳೆದುಕೊಂಡಿದ್ದರು. ಅಲ್ಲೂ ಮೊದಲು ಸಣ್ಣ ಮೊತ್ತವೊಂದು ಬಂದಿತ್ತು. ನಂತರ ಒಮ್ಮೆ 20,000, ಇನ್ನೊಮ್ಮೆ 14,000 ಹೋಗಿತ್ತು. ಇದರಲ್ಲಿ ದಡ್ಡತನದ ಪ್ರಶ್ನೆ ಇಲ್ಲ. ಆ ಚೌಕದೊಳಗೆ ಏನಿದೆ ಎಂಬುದನ್ನು ನಮಗೆ ಯಾರೂ ಬಿಡಿಸಿ ತೋರಿಸಿಲ್ಲ, ಅಷ್ಟೇ.

ಕ್ಯೂಆರ್ ಕೋಡ್ ಎಂದರೆ ಕಪ್ಪು ಬಿಳಿ ಚುಕ್ಕೆಗಳಲ್ಲಿ ಬರೆದ ಒಂದು ಸಾಲು ಅಕ್ಷರ. ಮಾವನಿಗೆ ಬಂದಂಥ ಕೋಡನ್ನು ಬಿಚ್ಚಿ ಓದಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

```
upi://pay?pa=abcd1234@bank&pn=Army%20Canteen&am=8500&cu=INR&tn=Receive%208500
```

ಇದರಲ್ಲಿ `pa` ಎಂದರೆ ಹಣ ಯಾರಿಗೆ ಸೇರಬೇಕೋ ಅವರ ಯುಪಿಐ ವಿಳಾಸ, `am` ಎಂದರೆ ಮೊತ್ತ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಆರಂಭದ `pay` ಎಂಬ ಪದವನ್ನು. ಕೊಡು ಎಂಬುದು ಆ ಸಾಲಿನ ಆಜ್ಞೆ. ಯಾರು ಸ್ಕ್ಯಾನ್ ಮಾಡುತ್ತಾರೋ ಅವರ ಫೋನು ಅದನ್ನು ಓದಿ, ಅವರ ಖಾತೆಯಿಂದ `pa`ಗೆ ಹಣ ಕಳಿಸಲು ಸಿದ್ಧವಾಗುತ್ತದೆ. ಕೊನೆಯ `tn` ಬರೀ ಟಿಪ್ಪಣಿ. ಮನಿಯಾರ್ಡರ್ ಫಾರಂನಲ್ಲಿ ಕೆಳಗೆ ಎರಡು ಸಾಲು ಸಮಾಚಾರ ಬರೆಯುತ್ತಿದ್ದೆವಲ್ಲ, ಹಾಗೆ. ಅಲ್ಲಿ ಸ್ವೀಕರಿಸಿ ಎಂದಾದರೂ ಬರೆಯಬಹುದು, ಹಬ್ಬದ ಶುಭಾಶಯ ಎಂದಾದರೂ ಬರೆಯಬಹುದು. ಹಣ ಹೋಗುವ ದಿಕ್ಕು ಅದರಿಂದ ಬದಲಾಗುವುದಿಲ್ಲ. ಕೋಡಿನ ಕೆಳಗೆ ಚಿತ್ರದಲ್ಲಿ ಮುದ್ರಿಸಿದ ದಪ್ಪ ಅಕ್ಷರಗಳನ್ನಂತೂ ಫೋನು ಓದುವುದೇ ಇಲ್ಲ. `pn` ಎಂಬ ಹೆಸರನ್ನೂ ಕೋಡ್ ಮಾಡಿದವನೇ ತನಗೆ ತೋಚಿದಂತೆ ಬರೆದುಕೊಳ್ಳಬಹುದು. ಆದ್ದರಿಂದಲೇ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಕೋಡಿನಲ್ಲಿರುವ ಹೆಸರಿನ ಬದಲು ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ತೋರಿಸಬೇಕೆಂದು 2025ರಲ್ಲಿ ಆ್ಯಪ್‌ಗಳಿಗೆ ಸೂಚಿಸಿತು.

ತರಕಾರಿ ಗಾಡಿಯವರನ್ನು ನೆನಪಿಸಿಕೊಳ್ಳಿ. ತಕ್ಕಡಿಯ ಪಕ್ಕ ಕೋಡಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡುವವರು ನಾವು, ಪಿನ್ ಒತ್ತುವವರು ನಾವು. ಪೆಟ್ಟಿಗೆ ನಲವತ್ತು ರೂಪಾಯಿ ಬಂತೆಂದು ಕೂಗುವಾಗ ಆಕೆ ಇನ್ನೊಬ್ಬರಿಗೆ ಟೊಮೆಟೊ ತೂಗುತ್ತಿರುತ್ತಾಳೆ, ಫೋನ್ ಮುಟ್ಟಿರುವುದೂ ಇಲ್ಲ. ಕೋಡ್ ಯಾರದೋ ಹಣ ಅವರಿಗೆ. ಮಾವನ ವ್ಯವಹಾರದಲ್ಲಿ ಮಾರುವವರು ಮಾವ, ಆದರೆ ಕೋಡ್ ಕಳಿಸಿದವನು ಕೊಳ್ಳುವವನು. ಅಂದರೆ ಅಂಗಡಿಯಾತನ ಜಾಗದಲ್ಲಿ ಅವನು ಕೂತು, ಮಾವನನ್ನು ಗಿರಾಕಿಯ ಜಾಗದಲ್ಲಿ ನಿಲ್ಲಿಸಿದ್ದ.

ಮಾವ ನನ್ನನ್ನು ಕೇಳಿದ ಪ್ರಶ್ನೆ ಬೇರೆ: "ಪಿನ್ ಹಾಕಿದರೆ ತಾನೇ ಬ್ಯಾಂಕಿಗೆ ನಾನೇ ಅಂತ ಗೊತ್ತಾಗೋದು?" ಅವರು ಪಿನ್ನನ್ನು ಗುರುತಿನ ಚೀಟಿ ಎಂದುಕೊಂಡಿದ್ದರು. ನಾನು ಅವರಿಗೆ ಬ್ಯಾಂಕಿನ ಎರಡು ಚೀಟಿಗಳನ್ನು ನೆನಪಿಸಿದೆ. ಹಣ ಕಟ್ಟುವ ಚಲನ್‌ ತುಂಬಿ ಅವರ ಖಾತೆಗೆ ಯಾರು ಬೇಕಾದರೂ ಜಮಾ ಮಾಡಬಹುದು, ಮಾವನ ಸಹಿ ಬೇಡ. ಹಣ ತೆಗೆಯುವ ಚೀಟಿಗೆ ಮಾತ್ರ ಅವರದೇ ಸಹಿ ಬೇಕು. ಯುಪಿಐ ಪಿನ್ ಆ ಸಹಿ. ಬಾಕಿ ನೋಡಲು, ಕಂತು ತಾನಾಗಿ ಕಡಿತವಾಗಲು ಒಪ್ಪಿಗೆ ಕೊಡಲು ಕೂಡ ಅದನ್ನು ಕೇಳುತ್ತಾರೆ. ಬರುವ ಹಣಕ್ಕೆ ಮಾತ್ರ ಯಾವತ್ತೂ ಕೇಳುವುದಿಲ್ಲ. ಮಾವನಿಗೆ ಮೊದಲು ಬಂದ ಆ ಒಂದು ರೂಪಾಯಿಯೇ ಇದಕ್ಕೆ ಸಾಕ್ಷಿ. ಅದು ಬಂದಾಗ ಅವರು ಸ್ಕ್ಯಾನೂ ಮಾಡಿರಲಿಲ್ಲ, ಪಿನ್ನೂ ಹಾಕಿರಲಿಲ್ಲ. ನಂಬಿಸಲೆಂದು ಅವನು ಕಳಿಸಿದ ರೂಪಾಯಿಯಲ್ಲೇ ಅವನ ಸುಳ್ಳು ಬಯಲಾಗಿತ್ತು, ಗಮನಿಸಲು ಪುರಸೊತ್ತು ಕೊಡದಂತೆ ಅವನು ಮಾತಾಡುತ್ತಲೇ ಇದ್ದ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಯುಪಿಐ ಲೈಟ್ ಇಟ್ಟುಕೊಂಡವರಿಗೆ ಸಣ್ಣ ಮೊತ್ತಗಳು ಪಿನ್ ಇಲ್ಲದೆಯೇ ಹೋಗುತ್ತವೆ. ಹಾಗಾಗಿ ಪಿನ್ ಕೇಳಲಿಲ್ಲವೆಂದರೆ ಹಣ ಬರುತ್ತಿದೆ ಎಂದುಕೊಳ್ಳುವಂತಿಲ್ಲ.

ಮೊದಲು ಇಂಥವರು ಹಣ ಕೇಳುವ ಕೋರಿಕೆಯನ್ನೇ ಆ್ಯಪ್‌ಗೆ ಕಳಿಸಿ, ಒಪ್ಪಿಗೆ ಒತ್ತಿ ಎನ್ನುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಆ ಕೋರಿಕೆಯನ್ನು ಎನ್‌ಪಿಸಿಐ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಕ್ಯೂಆರ್ ಕೋಡನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ತರಕಾರಿ ಗಾಡಿಯ ಕೋಡಿಗೂ ಮೋಸಗಾರನ ಕೋಡಿಗೂ ರಚನೆಯಲ್ಲಿ ವ್ಯತ್ಯಾಸವೇ ಇಲ್ಲ. ಯಂತ್ರದ ಕಣ್ಣಿಗೆ ಎರಡೂ ಸರಿಯಾದ ಪಾವತಿಗಳೇ.

ಹಣ ವಾಪಸ್ ಬರುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ. ಖಾತೆದಾರನೇ ಪಿನ್ ಹಾಕಿ ಒಪ್ಪಿದ ಪಾವತಿಯನ್ನು ಬ್ಯಾಂಕು ತಾನಾಗಿ ಹಿಂದಿರುಗಿಸುವುದಿಲ್ಲ. ಅತ್ತ ಹಣ ಬಿದ್ದ ಖಾತೆ ಸಾಮಾನ್ಯವಾಗಿ ಬೇರೆ ಯಾರದೋ ಹೆಸರಿನದು, ಅಲ್ಲಿಂದ ಮುಂದಿನ ಖಾತೆಗೆ, ಮತ್ತೊಂದಕ್ಕೆ ದಾಟಿಸಿಬಿಡುತ್ತಾರೆ. ದಾಟುವ ಮೊದಲೇ ತಡೆದರೆ ಮಾತ್ರ ಸಿಕ್ಕೀತು. ಮಾವ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ನಾವು ದೂರು ಕೊಡುವ ಹೊತ್ತಿಗೆ ಹಣ ಆ ಖಾತೆಯಲ್ಲಿ ಉಳಿದಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಬೈಯುತ್ತಾ ಕೂರಬೇಡಿ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ವಹಿವಾಟು ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ಇನ್ನು ಮಾರಲು ಕೂತವರಿಗೆ ಒಂದು ಮಾತು: ಕೊಳ್ಳುವವನಿಗೆ ಬೇಕಾದ್ದು ನಿಮ್ಮ ಫೋನ್ ನಂಬರ್ ಅಥವಾ ನಿಮ್ಮ ಕೋಡ್, ಅಷ್ಟೇ. ಅದನ್ನು ಕೊಟ್ಟು ಫೋನನ್ನು ಮೇಜಿನ ಮೇಲಿಟ್ಟು ಕಾಯಿರಿ. ಹಣ ಬರುವುದಿದ್ದರೆ ನೀವು ಏನನ್ನೂ ಒತ್ತದೆಯೇ ಬರುತ್ತದೆ.